ಸ್ಕ್ಯಾನಿಂಗ್ ಸರಿಯಿದ್ದರೂ ನಿಲ್ಲದ ಕಿಬ್ಬೊಟ್ಟೆ ನೋವು: ಹಾವೇರಿ ಜಿಲ್ಲೆಯ ಒಂದು ಪ್ರಕರಣ

ಬ್ಯಾಡಗಿ ತಾಲೂಕಿನ ಹಳ್ಳಿಯೊಂದರ 27 ವರ್ಷದ ಮಹಿಳೆಯೊಬ್ಬರು ಕಿಬ್ಬೊಟ್ಟೆ ನೋವು ಶುರುವಾದ ಆರನೆಯ ದಿನ ನಾನು ಕೆಲಸ ಮಾಡುವ ತಾಲೂಕು ಮಟ್ಟದ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬಂದರು. ಒಂದೇ ಬಗೆಯ ತೊಂದರೆಯಿಂದ ಬಂದ ಹಲವರ ವಿವರಗಳನ್ನು ಕೂಡಿಸಿ, ಯಾರನ್ನೂ ಗುರುತಿಸಲಾಗದಂತೆ ಬರೆದಿರುವುದರಿಂದ ಇವರನ್ನು ಒಬ್ಬ ವ್ಯಕ್ತಿಯೆಂದು ಓದಬಾರದು. ಆದರೆ ರೋಗದ ನಡೆ, ಪರೀಕ್ಷೆಯಲ್ಲಿ ಕಂಡ ಚಿಹ್ನೆಗಳು ಮತ್ತು ಔಷಧಿಯ ಪ್ರಮಾಣಗಳು ಇದ್ದಂತೆಯೇ ಇವೆ.

ಮಹಿಳೆಗೆ ನಾಲ್ಕು ವರ್ಷದ ಒಂದು ಮಗುವಿದೆ. ಎರಡು ವರ್ಷಗಳ ಹಿಂದೆ ಕಾಪರ್-ಟಿ ಹಾಕಿಸಿಕೊಂಡಿದ್ದರು. ಗಂಡ ಗೋವಾದಲ್ಲಿ ಕಟ್ಟಡ ಕೆಲಸಕ್ಕಿದ್ದು, ಹಬ್ಬಕ್ಕೆಂದು ಊರಿಗೆ ಬಂದು ಕೆಲ ವಾರ ಇದ್ದು ಮರಳಿದ್ದ. ಆಕೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದರು. ಮುಟ್ಟಿನ ಸ್ರಾವ ಮುಗಿದ ಎರಡನೆಯ ದಿನದಿಂದ ಕಿಬ್ಬೊಟ್ಟೆಯ ಎರಡೂ ಬದಿಯಲ್ಲಿ ಮಂದವಾಗಿ ಶುರುವಾದ ನೋವು ನಡುವಿಗೂ ಹಬ್ಬಿ, ನೆಲದ ಮೇಲೆ ಕುಳಿತು ಕೆಲಸ ಮಾಡುವುದು ಅಸಾಧ್ಯವಾಯಿತು. ಜೊತೆಗೆ ಸಂಜೆಯ ಹೊತ್ತಿಗೆ ಮೈ ಬಿಸಿಯಾಗುತ್ತಿತ್ತು. "ಬಿಳಿ ಹೋಗೋದು ಮೊದಲಿಂದೂ ಸ್ವಲ್ಪ ಇತ್ರೀ, ಈಗ ಹಳದಿ ಆಗೇತಿ, ವಾಸನಿನೂ ಬರ್ತೈತಿ" ಎಂದು ಆಕೆ ಹೇಳಿದ್ದು ನಾವು ಕೇಳಿದ ಮೇಲೆಯೇ. ತಾವಾಗಿ ಹೇಳಿದ್ದು ಹೊಟ್ಟೆ ನೋವು ಮತ್ತು ಜ್ವರವನ್ನು ಮಾತ್ರ.

ಅದಕ್ಕೂ ಮೊದಲಿನ ಐದು ದಿನಗಳ ಕತೆ ನಮ್ಮ ಭಾಗದಲ್ಲಿ ಹೊಸದಲ್ಲ. ಮೊದಲ ಎರಡು ದಿನ ಮನೆಯವರು ಇದನ್ನು ಉಷ್ಣವೆಂದು ಬಗೆದು ಜೀರಿಗೆ ನೀರು, ಮಜ್ಜಿಗೆ ಕೊಟ್ಟರು. ಮೂರನೆಯ ದಿನ ಪಟ್ಟಣದ ಖಾಸಗಿ ಕ್ಲಿನಿಕ್ ಒಂದರಲ್ಲಿ ಮೂತ್ರ ಪರೀಕ್ಷೆ ಮತ್ತು ಹೊಟ್ಟೆಯ ಸ್ಕ್ಯಾನಿಂಗ್ ಆಯಿತು. ಮೂತ್ರದಲ್ಲಿ ಕೆಲವು ಕೀವುಕಣಗಳು ಕಂಡವು. ಸ್ಕ್ಯಾನಿಂಗ್ ವರದಿಯಲ್ಲಿ ಗರ್ಭಕೋಶ, ಅಂಡಾಶಯಗಳು ಸಹಜವಾಗಿವೆ, ಕಾಪರ್-ಟಿ ತನ್ನ ಜಾಗದಲ್ಲಿದೆ ಎಂದಿತ್ತು. ಮೂತ್ರದ ಸೋಂಕಿಗೆಂದು ಮೂರು ದಿನದ ನಾರ್‌ಫ್ಲಾಕ್ಸಸಿನ್ ಗುಳಿಗೆ, ನೋವಿಗೊಂದು ಗುಳಿಗೆ ಕೊಟ್ಟು ಕಳಿಸಿದ್ದರು. ಒಳಪರೀಕ್ಷೆ ಆಗಿರಲಿಲ್ಲ. ನೋವಿನ ಗುಳಿಗೆ ತೆಗೆದುಕೊಂಡಾಗ ನಾಲ್ಕು ತಾಸು ನೋವೂ ಜ್ವರವೂ ಇಳಿಯುತ್ತಿದ್ದವು, ಮತ್ತೆ ಏರುತ್ತಿದ್ದವು. "ಸ್ಕ್ಯಾನಿಂಗ್ ನಾರ್ಮಲ್ ಐತಿ ಅಂದಾರ" ಎಂಬ ಮಾತಿನ ಮೇಲೆ ಮನೆಯವರು ಇನ್ನೆರಡು ದಿನ ಕಾದರು.

ಈ ಪ್ರಕರಣದಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಅಲ್ಲೇ ಇದೆ. ಕಿಬ್ಬೊಟ್ಟೆಯ ಉರಿಯೂತದ ಕಾಯಿಲೆ, ಅಂದರೆ ವೈದ್ಯರು ಪಿಐಡಿ ಎಂದು ಕರೆಯುವ ರೋಗದಲ್ಲಿ, ಯೋನಿ ಮತ್ತು ಗರ್ಭಕಂಠದ ಸೋಂಕು ಮೇಲೇರಿ ಗರ್ಭಕೋಶದ ಒಳಪದರ, ಗರ್ಭನಾಳಗಳು, ಅಂಡಾಶಯ ಮತ್ತು ಸುತ್ತಲಿನ ಪೊರೆಗೆ ತಗಲುತ್ತದೆ. ಮೊದಲ ದಿನಗಳಲ್ಲಿ ಗರ್ಭನಾಳ ಕೆಂಪಾಗಿ ಊದಿಕೊಂಡಿದ್ದರೂ ಅದರೊಳಗೆ ಕೀವು ತುಂಬಿ ಹಿಗ್ಗುವ ತನಕ ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನಿಂಗ್‌ನಲ್ಲಿ ಬಹುತೇಕ ಏನೂ ಕಾಣುವುದಿಲ್ಲ, ಏಕೆಂದರೆ ಸಹಜ ಗರ್ಭನಾಳವೇ ಅದರಲ್ಲಿ ಸಾಮಾನ್ಯವಾಗಿ ಗೋಚರಿಸದಷ್ಟು ಸಪೂರ. ಆದ್ದರಿಂದ ಸರಿಯಿರುವ ಸ್ಕ್ಯಾನಿಂಗ್ ವರದಿ ಈ ರೋಗವನ್ನು ಹೊರಗಿಡುವುದಿಲ್ಲ. ಆ ದಿನಗಳಲ್ಲಿ ರೋಗವನ್ನು ಪತ್ತೆ ಹಚ್ಚುವುದು ಪರೀಕ್ಷಿಸುವ ಕೈ.

ಒಳಪರೀಕ್ಷೆಯಲ್ಲಿ ಕಂಡದ್ದು

ಆಕೆ ಹೊಟ್ಟೆ ಹಿಡಿದುಕೊಂಡು, ಮುಂದಕ್ಕೆ ಬಾಗಿ, ಸಣ್ಣ ಹೆಜ್ಜೆಯಿಡುತ್ತ ಒಳಗೆ ಬಂದರು. ಜ್ವರ 100.6 ಡಿಗ್ರಿ ಫ್ಯಾರನ್‌ಹೀಟ್, ನಾಡಿ ನಿಮಿಷಕ್ಕೆ 100, ರಕ್ತದೊತ್ತಡ 110/70 ಇತ್ತು. ಕಿಬ್ಬೊಟ್ಟೆಯ ಎರಡೂ ಬದಿ ಒತ್ತಿದರೆ ನೋಯುತ್ತಿತ್ತು, ಎಡಕ್ಕೆ ಸ್ವಲ್ಪ ಹೆಚ್ಚು. ಆದರೆ ಹೊಟ್ಟೆ ಹಲಗೆಯಂತೆ ಬಿಗಿದಿರಲಿಲ್ಲ.

ಬೇರೆ ಎಲ್ಲಕ್ಕಿಂತ ಮೊದಲು ಮೂತ್ರದಲ್ಲಿ ಗರ್ಭಪರೀಕ್ಷೆ ಮಾಡಿಸಿದೆವು. ಕಾಪರ್-ಟಿ ಇರುವಾಗ ಇದೇಕೆ ಎಂದು ಜೊತೆಗೆ ಬಂದಿದ್ದ ಅತ್ತೆ ಕೇಳಿದರು. ಕಾಪರ್-ಟಿ ಇರುವವರಲ್ಲಿ ಗರ್ಭ ನಿಲ್ಲುವುದು ಅಪರೂಪವಾದರೂ, ನಿಂತರೆ ಅದು ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತಿರುವ ಸಂಭವ ಹೆಚ್ಚು. ನಾಳದಲ್ಲಿ ನಿಂತ ಗರ್ಭ ಒಡೆದರೆ ಒಳರಕ್ತಸ್ರಾವದಿಂದ ಕೆಲವೇ ತಾಸುಗಳಲ್ಲಿ ಪ್ರಾಣಕ್ಕೆ ಕುತ್ತು ಬರಬಹುದು. ಹೆರುವ ವಯಸ್ಸಿನ ಯಾವ ಮಹಿಳೆಯೇ ಕಿಬ್ಬೊಟ್ಟೆ ನೋವೆಂದು ಬಂದರೂ, ಮುಟ್ಟು ಸರಿಯಾಗಿದೆ ಎಂದು ಹೇಳಿದರೂ, ಈ ಪರೀಕ್ಷೆಯನ್ನು ಬಿಡುವಂತಿಲ್ಲ. ಇಲ್ಲಿ ಅದು ನೆಗೆಟಿವ್ ಬಂತು. ಅಪೆಂಡಿಕ್ಸ್ ಊತದಲ್ಲಿ ನೋವು ಸಾಮಾನ್ಯವಾಗಿ ಹೊಕ್ಕುಳ ಸುತ್ತ ಶುರುವಾಗಿ ಬಲಕ್ಕೆ ಇಳಿಯುತ್ತದೆ, ಹಸಿವು ಸತ್ತುಹೋಗುತ್ತದೆ; ಇಲ್ಲಿ ನೋವು ಮೊದಲಿನಿಂದಲೇ ಎರಡೂ ಬದಿಯಲ್ಲಿತ್ತು. ಅಂಡಾಶಯ ತಿರುಚಿಕೊಂಡರೆ ನೋವು ಒಂದು ಬದಿಯಲ್ಲಿ, ಇದ್ದಕ್ಕಿದ್ದಂತೆ, ವಾಂತಿಯೊಂದಿಗೆ ಎರಗುತ್ತದೆ. ಇಲ್ಲಿ ಅದು ದಿನದಿಂದ ದಿನಕ್ಕೆ ಬೆಳೆದಿತ್ತು.

ಒಳಪರೀಕ್ಷೆ ಏನು, ಎಷ್ಟು ಹೊತ್ತು, ಏಕೆ ಎಂದು ಆಕೆಗೆ ವಿವರಿಸಿ, ಒಪ್ಪಿಗೆ ಪಡೆದು, ನರ್ಸ್ ಒಬ್ಬರನ್ನು ಜೊತೆಗಿಟ್ಟುಕೊಂಡು ಪರೀಕ್ಷಿಸಿದೆ. ಯೋನಿಯನ್ನು ತೆರೆದು ಹಿಡಿಯುವ ಸಲಕರಣೆಯಾದ ಸ್ಪೆಕ್ಯುಲಮ್ ಇಟ್ಟು ನೋಡಿದಾಗ ಗರ್ಭಕಂಠದ ಬಾಯಿಂದ ಹಳದಿ ಬಣ್ಣದ, ಲೋಳೆ ಬೆರೆತ ಕೀವು ಬರುತ್ತಿತ್ತು. ಹತ್ತಿಯ ಕಡ್ಡಿ ತಾಗಿಸಿದರೆ ಅಲ್ಲಿ ರಕ್ತ ಜಿನುಗಿತು. ಕಾಪರ್-ಟಿಯ ದಾರ ಕಾಣುತ್ತಿತ್ತು. ಬಳಿಕ ಒಂದು ಕೈಯ ಎರಡು ಬೆರಳು ಒಳಗೆ, ಇನ್ನೊಂದು ಕೈ ಹೊಟ್ಟೆಯ ಮೇಲೆ ಇಟ್ಟು ಗರ್ಭಕಂಠವನ್ನು ಮೆಲ್ಲಗೆ ಅತ್ತಿತ್ತ ಸರಿಸಿದಾಗ ಆಕೆ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದರು. ಗರ್ಭಕೋಶವನ್ನು ಒತ್ತಿದಾಗಲೂ, ಅದರ ಎರಡೂ ಪಕ್ಕದಲ್ಲಿ ಒತ್ತಿದಾಗಲೂ ನೋವಿತ್ತು. ಗಡ್ಡೆ ಕೈಗೆ ಸಿಗಲಿಲ್ಲ. ಸ್ರಾವದ ಒಂದು ಹನಿಯನ್ನು ಸಲೈನ್‌ನಲ್ಲಿ ಬೆರೆಸಿ ಸೂಕ್ಷ್ಮದರ್ಶಕದಡಿ ನೋಡಿದಾಗ ಬಿಳಿ ರಕ್ತಕಣಗಳು ತುಂಬಿದ್ದವು.

ಗರ್ಭಕಂಠ ಸರಿಸಿದಾಗ ನೋವು, ಗರ್ಭಕೋಶ ಒತ್ತಿದಾಗ ನೋವು, ಪಕ್ಕಗಳನ್ನು ಒತ್ತಿದಾಗ ನೋವು: ಲೈಂಗಿಕ ಸಂಪರ್ಕವಿರುವ ಮಹಿಳೆಗೆ ಕಿಬ್ಬೊಟ್ಟೆ ನೋವಿದ್ದು, ಬೇರೆ ಕಾರಣ ಕಾಣದಿರುವಾಗ, ಈ ಮೂರರಲ್ಲಿ ಒಂದೇ ಇದ್ದರೂ ಪಿಐಡಿ ಎಂದು ಭಾವಿಸಿ ಚಿಕಿತ್ಸೆ ಶುರು ಮಾಡಬೇಕೆಂಬುದು ಈಗ ಒಪ್ಪಿತವಾದ ಕ್ರಮ. ಜ್ವರ, ಕೀವು, ಸ್ರಾವದಲ್ಲಿ ಬಿಳಿ ರಕ್ತಕಣಗಳು ಅನುಮಾನವನ್ನು ಗಟ್ಟಿ ಮಾಡುತ್ತವೆ, ಆದರೆ ಅವುಗಳಿಗಾಗಿ ಕಾಯಬೇಕಿಲ್ಲ. ಇಷ್ಟು ಸಡಿಲವಾದ ಮಾನದಂಡವೇಕೆ ಎಂದು ಕೇಳಬಹುದು. ಅನವಶ್ಯಕವಾಗಿ ಎರಡು ವಾರ ಗುಳಿಗೆ ನುಂಗಿದರೆ ಆಗುವ ನಷ್ಟ ಸಣ್ಣದು. ರೋಗವಿದ್ದೂ ಕಾದರೆ ಗರ್ಭನಾಳದ ಒಳಗಿನ ನವಿರಾದ ರೋಮಪದರ ಹಾಳಾಗಿ, ಮಡಿಕೆಗಳು ಅಂಟಿಕೊಂಡು, ಮತ್ತೆ ಸರಿಪಡಿಸಲಾಗದ ಗಾಯ ಉಳಿಯುತ್ತದೆ. ನೋವು ಬಂದು ಮೂರು ದಿನ ದಾಟಿದ ಮೇಲೆ ಚಿಕಿತ್ಸೆಗೆ ಬಂದವರಲ್ಲಿ ಬಂಜೆತನ ಅಥವಾ ನಾಳದ ಗರ್ಭದ ಸಂಭವ, ಬೇಗ ಬಂದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿದ್ದುದು 1990ರ ದಶಕದ ಅಧ್ಯಯನವೊಂದರಲ್ಲಿ ಕಂಡಿದೆ.

ಒಳಪರೀಕ್ಷೆಯನ್ನು ತಪ್ಪಿಸುವುದಕ್ಕೆ ರೋಗಿಗಳ ನಾಚಿಕೆಯನ್ನೇ ಕಾರಣವಾಗಿ ಹೇಳುವುದುಂಟು. ನನಗೆ ಕಂಡ ಮಟ್ಟಿಗೆ ಅದು ಅರ್ಧ ಸತ್ಯ. ಬಾಗಿಲ ಹೊರಗೆ ಹತ್ತು ಜನ ನಿಂತಿರುವ, ಪರದೆಯಿಲ್ಲದ ಕೋಣೆಯಲ್ಲಿ ಯಾರೂ ಒಪ್ಪುವುದಿಲ್ಲ. ಪರದೆ, ಒಳ್ಳೆಯ ಬೆಳಕು ಮತ್ತು ಒಬ್ಬ ಮಹಿಳಾ ಸಿಬ್ಬಂದಿ ಇದ್ದು, ಏನು ಮಾಡುತ್ತೇವೆಂದು ಮೊದಲೇ ಹೇಳಿದರೆ ಬಹುಪಾಲು ಮಂದಿ ಒಪ್ಪುತ್ತಾರೆ. ಈ ಮೂರಕ್ಕೂ ಸೇರಿ ತಗಲುವ ವೆಚ್ಚ ಸ್ಕ್ಯಾನಿಂಗ್ ಯಂತ್ರದ್ದರ ಹತ್ತಿರಕ್ಕೂ ಬರುವುದಿಲ್ಲ.

ಔಷಧಿ ಮತ್ತು ಮೂರನೆಯ ದಿನ

ಪಿಐಡಿಗೆ ಒಂದೇ ಸೂಕ್ಷ್ಮಾಣು ಕಾರಣವಲ್ಲ. ಗೊನೊರಿಯಾ, ಕ್ಲಮೈಡಿಯಾ, ಜೊತೆಗೆ ಯೋನಿಯಲ್ಲಿ ಬೆಳೆಯುವ, ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಸೇರಿ ಕೆಲಸ ಮಾಡಿರಬಹುದಾದ್ದರಿಂದ ಒಂದೇ ಔಷಧಿಯಿಂದ ಇದು ವಾಸಿಯಾಗದು. ಮೂತ್ರದ ಸೋಂಕಿಗೆ ಕೊಟ್ಟ ಗುಳಿಗೆ ಇಲ್ಲಿ ಸಾಲದೆ ಹೋದದ್ದು ಇದೇ ಕಾರಣಕ್ಕೆ. ಆಕೆಗೆ ಸೆಫ್ಟ್ರಿಯಾಕ್ಸೋನ್ 500 ಮಿಲಿಗ್ರಾಂ ಇಂಜೆಕ್ಷನ್ ಒಂದು ಬಾರಿ ಸ್ನಾಯುವಿಗೆ ಕೊಟ್ಟು, ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ಮತ್ತು ಮೆಟ್ರೊನಿಡಜೋಲ್ 400 ಮಿಲಿಗ್ರಾಂ ಎರಡನ್ನೂ ದಿನಕ್ಕೆರಡು ಬಾರಿಯಂತೆ 14 ದಿನಕ್ಕೆ ಬರೆದೆ. ಸರಕಾರಿ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕುಗಳನ್ನು ನೋಡುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಇದೇ ತೊಂದರೆಗೆ ಹಳದಿ ಬಣ್ಣದ, 6ನೇ ಸಂಖ್ಯೆಯ ಔಷಧಿ ಕಿಟ್ ಉಚಿತವಾಗಿ ಸಿಗುತ್ತ ಬಂದಿದೆ. ಅದರಲ್ಲಿ ಇಂಜೆಕ್ಷನ್ನಿನ ಬದಲು ಸೆಫಿಕ್ಸಿಮ್ 400 ಮಿಲಿಗ್ರಾಂ ಒಂದು ಬಾರಿ ಇರುತ್ತದೆ, ಉಳಿದೆರಡು ಇವೇ. ಇಂಜೆಕ್ಷನ್ ಕೈಗೆಟಕುವಂತಿದ್ದರೆ ನಾನು ಅದನ್ನೇ ಆರಿಸುತ್ತೇನೆ. ಈ ಗುಳಿಗೆಗಳನ್ನು ಔಷಧಿ ಅಂಗಡಿಯಲ್ಲಿ ಹೆಸರು ಹೇಳಿ ಕೊಳ್ಳುವುದು ಸಲ್ಲದು, ಏಕೆಂದರೆ ಗರ್ಭಪರೀಕ್ಷೆ ಮತ್ತು ಒಳಪರೀಕ್ಷೆ ಆಗದೆ ಇವುಗಳ ಲೆಕ್ಕಾಚಾರವೇ ತಪ್ಪುತ್ತದೆ. ಗರ್ಭಿಣಿಗೆ ಡಾಕ್ಸಿಸೈಕ್ಲಿನ್ ಕೊಡುವಂತಿಲ್ಲ.

ಗುಳಿಗೆ ಬರೆದುಕೊಟ್ಟರೆ ಕೆಲಸ ಮುಗಿಯದು. ಡಾಕ್ಸಿಸೈಕ್ಲಿನ್ ಅನ್ನು ಊಟದ ಬಳಿಕ ದೊಡ್ಡ ಲೋಟ ನೀರಿನೊಂದಿಗೆ ನುಂಗಬೇಕು, ಅರ್ಧ ತಾಸು ಮಲಗಬಾರದು. ಇಲ್ಲದಿದ್ದರೆ ಅದು ಅನ್ನನಾಳದಲ್ಲೇ ಅಂಟಿ ಹುಣ್ಣು ಮಾಡುತ್ತದೆ. ಆಕೆ ರಕ್ತಹೀನತೆಗೆಂದು ಕಬ್ಬಿಣಾಂಶದ ಗುಳಿಗೆಯನ್ನೂ ತೆಗೆದುಕೊಳ್ಳುತ್ತಿದ್ದರು. ಎರಡನ್ನೂ ಕೂಡಿ ನುಂಗಿದರೆ ಹೊಟ್ಟೆಯಲ್ಲಿ ಅವು ಒಂದಕ್ಕೊಂದು ಕಟ್ಟಿಕೊಂಡು ಡಾಕ್ಸಿಸೈಕ್ಲಿನ್ ರಕ್ತಕ್ಕೆ ಸೇರುವುದು ತೀರ ಕಡಿಮೆಯಾಗುವುದರಿಂದ, ಆ ಎರಡು ವಾರ ಕಬ್ಬಿಣದ ಗುಳಿಗೆ ನಿಲ್ಲಿಸಲು ಹೇಳಿದೆ. ಬಿಸಿಲಲ್ಲಿ ದುಡಿಯುವವರಿಗೆ ಈ ಔಷಧಿಯಿಂದ ಚರ್ಮ ಸುಟ್ಟಂತಾಗುವುದುಂಟು. ಮುಖ, ತೋಳು ಮುಚ್ಚಿಕೊಳ್ಳಬೇಕು. ಮೆಟ್ರೊನಿಡಜೋಲ್‌ನಿಂದ ಬಾಯಿಗೆ ಲೋಹದ ರುಚಿ ಬರುತ್ತದೆ, ವಾಕರಿಕೆ ಬರುತ್ತದೆ; ಅದಕ್ಕಾಗಿ ಬಿಡಬಾರದು.

ಮನೆಗೆ ಕಳಿಸಬಹುದೇ ಎಂಬುದೊಂದು ಪ್ರಶ್ನೆಯಿತ್ತು. ಗರ್ಭಿಣಿಯಾಗಿದ್ದರೆ, ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಷ್ಟು ವಾಂತಿಯಿದ್ದರೆ, ಜ್ವರ 101 ಡಿಗ್ರಿ ದಾಟಿದ್ದರೆ, ಕೀವುಗಡ್ಡೆಯ ಅನುಮಾನವಿದ್ದರೆ ಅಥವಾ ಅಪೆಂಡಿಕ್ಸ್‌ನಂಥ ಶಸ್ತ್ರಚಿಕಿತ್ಸೆಯ ತೊಂದರೆಯನ್ನು ತಳ್ಳಿಹಾಕಲು ಆಗದಿದ್ದರೆ ದಾಖಲು ಮಾಡಬೇಕು. ಆ ದಿನ ಆಕೆಗೆ ಇವು ಯಾವುವೂ ಇರಲಿಲ್ಲ. ಆದ್ದರಿಂದ ಮೂರನೆಯ ದಿನ ತಪ್ಪದೆ ಬರಬೇಕೆಂಬ ಕರಾರಿನ ಮೇಲೆ ಮನೆಗೆ ಕಳಿಸಿ, ಊರಿನ ಆಶಾ ಕಾರ್ಯಕರ್ತೆಗೂ ಆಕೆಯ ಒಪ್ಪಿಗೆ ಪಡೆದು ತಿಳಿಸಿದೆವು.

ಮೂರನೆಯ ದಿನವೇ ಏಕೆ? ಸರಿಯಾದ ಔಷಧಿ ತಾಗಿದರೆ 72 ತಾಸುಗಳೊಳಗೆ ಜ್ವರ ಇಳಿಯಬೇಕು, ಒತ್ತಿದಾಗಿನ ನೋವು ಕಡಿಮೆಯಾಗಬೇಕು. ಆಗದಿದ್ದರೆ ರೋಗನಿರ್ಣಯ ತಪ್ಪಿರಬಹುದು, ಇಲ್ಲವೇ ಒಳಗೆ ಕೀವು ಕಟ್ಟಿರಬಹುದು, ಇಲ್ಲವೇ ಔಷಧಿ ಒಳಗೆ ಹೋಗಿಲ್ಲ. ಆಶಾ ಕಾರ್ಯಕರ್ತೆ ಕರೆತಂದಾಗ ಆಕೆಗೆ ಜ್ವರ 102 ಡಿಗ್ರಿ ಇತ್ತು. ಹಿಂದಿನ ರಾತ್ರಿಯಿಂದ ಎರಡು ಸಲ ವಾಂತಿಯಾಗಿತ್ತು. ನೋವು ಈಗ ಎಡಬದಿಯಲ್ಲಿ ಒತ್ತರಿಸಿತ್ತು, ಅಲ್ಲಿ ಕೈಗೆ ಮೆತ್ತನೆಯ ತುಂಬಿದ ಭಾವನೆ ಸಿಗುತ್ತಿತ್ತು. ಗುಳಿಗೆ ಬದಲಿಸಿ ನೋಡುವ ಹೊತ್ತು ಅದಲ್ಲ. ರಕ್ತನಾಳಕ್ಕೆ ಸೂಜಿ ಹಾಕಿ ಸಲೈನ್ ಮತ್ತು ಮೊದಲ ಡೋಸ್ ಕೊಟ್ಟು, ರಾತ್ರಿಯಲ್ಲೂ ಶಸ್ತ್ರಚಿಕಿತ್ಸೆ ಸಾಧ್ಯವಿರುವ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ 108 ಆಂಬ್ಯುಲೆನ್ಸ್‌ನಲ್ಲಿ ಕಳಿಸಿದೆವು.

ಅಲ್ಲಿ ಯೋನಿಯ ಮೂಲಕ ಮಾಡಿದ ಸ್ಕ್ಯಾನಿಂಗ್‌ನಲ್ಲಿ ಎಡ ಅಂಡಾಶಯ ಮತ್ತು ನಾಳ ಅಂಟಿಕೊಂಡು ಸುಮಾರು 5 ಸೆಂಟಿಮೀಟರ್‌ನ, ದಪ್ಪ ಗೋಡೆಯ ಕೀವುಗಡ್ಡೆ ಆಗಿರುವುದು ಕಂಡಿತು. ಬಿಳಿ ರಕ್ತಕಣಗಳ ಸಂಖ್ಯೆ 17,800ಕ್ಕೆ ಏರಿತ್ತು. ಕೀವುಗಡ್ಡೆ ಹೊಟ್ಟೆಯೊಳಗೆ ಒಡೆದರೆ ನೋವು ಇಡೀ ಹೊಟ್ಟೆಗೆ ಹರಡಿ, ಹೊಟ್ಟೆ ಬಿಗಿದು, ರಕ್ತದೊತ್ತಡ ಕುಸಿಯುತ್ತದೆ. ಆಗ ತಕ್ಷಣ ಶಸ್ತ್ರಚಿಕಿತ್ಸೆಯೊಂದೇ ದಾರಿ. ಒಡೆಯದ, ಇಷ್ಟು ಗಾತ್ರದ ಗಡ್ಡೆಗಳು ಮಾತ್ರ ಹೆಚ್ಚಾಗಿ ರಕ್ತನಾಳದ ಮೂಲಕ ಕೊಡುವ ಔಷಧಿಗೇ ಕರಗುತ್ತವೆ. ಸೆಫ್ಟ್ರಿಯಾಕ್ಸೋನ್ ದಿನಕ್ಕೆ 1 ಗ್ರಾಂ, ಜೊತೆಗೆ ಡಾಕ್ಸಿಸೈಕ್ಲಿನ್ ಮತ್ತು ಮೆಟ್ರೊನಿಡಜೋಲ್ 12 ತಾಸಿಗೊಮ್ಮೆ ಶುರುವಾದವು. ಎರಡನೆಯ ದಿನ ಜ್ವರ ಇಳಿಯಿತು. ಐದನೆಯ ದಿನ ಗುಳಿಗೆಗೆ ಬದಲಿಸಿ, ಎರಡು ವಾರ ಪೂರೈಸುವಂತೆ ಹೇಳಿ ಮನೆಗೆ ಕಳಿಸಿದರು.

ಚಿಕಿತ್ಸೆಗೆ ಹೀಗೆ ಸ್ಪಂದಿಸದಿದ್ದರೆ ನಮ್ಮ ಭಾಗದಲ್ಲಿ ಇನ್ನೊಂದನ್ನು ನೆನೆಯಲೇಬೇಕು, ಅದು ಗರ್ಭನಾಳದ ಕ್ಷಯ. ತಿಂಗಳುಗಟ್ಟಲೆ ಮಂದ ಜ್ವರ, ತೂಕ ಇಳಿಕೆ, ಮುಟ್ಟು ಕಡಿಮೆಯಾಗುತ್ತ ಬರುವುದು ಅದರ ದಾರಿ. ಈ ಮಹಿಳೆಯಲ್ಲಿ ಅವು ಇರಲಿಲ್ಲ.

ಕಾಪರ್-ಟಿ ಮತ್ತು ಗಂಡ

"ಆ ಕಾಪರ್-ಟಿ ಹಾಕ್ಸಿದ್ದಕ್ಕ ಹಿಂಗ ಆತ್ರೀ" ಎಂಬುದು ಅತ್ತೆಯ ತೀರ್ಮಾನವಾಗಿತ್ತು. ಕಾಪರ್-ಟಿಯಿಂದ ಪಿಐಡಿಯ ಅಪಾಯ ಹೆಚ್ಚುವುದು ಮುಖ್ಯವಾಗಿ ಹಾಕಿಸಿಕೊಂಡ ಮೊದಲ ಮೂರು ವಾರಗಳಲ್ಲಿ, ಅದೂ ಗರ್ಭಕಂಠದಲ್ಲಿ ಮೊದಲೇ ಇದ್ದ ಸೋಂಕು ಹಾಕುವಾಗ ಮೇಲಕ್ಕೆ ಹೋಗುವುದರಿಂದ. ಎರಡು ವರ್ಷದ ಹಳೆಯ ಕಾಪರ್-ಟಿಯನ್ನು ಕಾರಣವೆನ್ನಲು ಆಧಾರವಿಲ್ಲ. ಪಿಐಡಿ ಬಂದಾಕ್ಷಣ ಅದನ್ನು ತೆಗೆಯಲೇಬೇಕೆಂದೂ ಇಲ್ಲ. ಔಷಧಿಗೆ ಗುಣ ಕಾಣುತ್ತಿದ್ದರೆ ಒಳಗೇ ಬಿಡಬಹುದು. ಇಲ್ಲಿ ಮೂರನೆಯ ದಿನಕ್ಕೂ ಗುಣ ಕಾಣದೆ ಗಡ್ಡೆ ಕಟ್ಟಿದ್ದರಿಂದ, ರಕ್ತನಾಳದ ಔಷಧಿ ಶುರುವಾದ ಮೇಲೆ, ಆಕೆಯ ಒಪ್ಪಿಗೆಯೊಂದಿಗೆ ತೆಗೆದರು.

ಕಷ್ಟವಾದದ್ದು ಗಂಡನ ವಿಷಯ. ಗೊನೊರಿಯಾ ಮತ್ತು ಕ್ಲಮೈಡಿಯಾಕ್ಕೆಂದು ಹುಬ್ಬಳ್ಳಿಯಲ್ಲಿ ಕಳಿಸಿದ ಗರ್ಭಕಂಠದ ಮಾದರಿ ನೆಗೆಟಿವ್ ಬಂದಿತ್ತು. ಎಚ್‌ಐವಿ, ಸಿಫಿಲಿಸ್ ಪರೀಕ್ಷೆಗಳೂ ನೆಗೆಟಿವ್. ಗೋವಾದಿಂದ ಬಂದ ಗಂಡ ಕೇಳಿದ್ದು ನ್ಯಾಯವಾದ ಪ್ರಶ್ನೆಯನ್ನೇ: "ರಿಪೋರ್ಟ್ ನೆಗೆಟಿವ್ ಐತಿ, ನನಗೇನೂ ತ್ರಾಸಿಲ್ಲ. ನಾ ಯಾಕ ಗುಳಿಗಿ ತಗೋಬೇಕ್ರೀ ಮೇಡಂ?"

ಆತನನ್ನು ಒಬ್ಬನನ್ನೇ ಕೂರಿಸಿಕೊಂಡು ಹೇಳಿದ್ದು ಇಷ್ಟು. ಮಾದರಿ ತೆಗೆಯುವ ಹೊತ್ತಿಗೆ ಆಕೆಗೆ ಹಲವು ದಿನಗಳ ಔಷಧಿ ಹೋಗಿತ್ತು. ಅಲ್ಲದೆ ಗರ್ಭಕಂಠದಲ್ಲಿ ಸೂಕ್ಷ್ಮಾಣು ಸಿಗದಿದ್ದರೆ ಮೇಲಿನ ನಾಳದಲ್ಲಿ ಇಲ್ಲವೆಂದು ಅರ್ಥವಲ್ಲ. ಗಂಡಸರಲ್ಲಿ ಕ್ಲಮೈಡಿಯಾ ಎಷ್ಟೋ ಸಲ ಉರಿ, ಸ್ರಾವ ಯಾವುದೂ ಇಲ್ಲದೆ ತಿಂಗಳುಗಟ್ಟಲೆ ಇರುತ್ತದೆ. ಅದಕ್ಕಾಗಿಯೇ ಕಳೆದ 60 ದಿನಗಳಲ್ಲಿ ಸಂಪರ್ಕವಿದ್ದ ಸಂಗಾತಿಗೆ, ಮಹಿಳೆಯ ವರದಿಯಲ್ಲಿ ಏನು ಬಂದಿದೆಯೆಂದು ನೋಡದೆ, ಚಿಕಿತ್ಸೆ ಕೊಡಬೇಕೆಂಬ ನಿಯಮವಿದೆ. ಸೋಂಕು ಯಾರಿಂದ ಯಾರಿಗೆ, ಯಾವಾಗ ಬಂತೆಂದು ಈ ವರದಿಗಳಿಂದ ಹೇಳಲು ಬರುವುದಿಲ್ಲ, ಮತ್ತು ಲೈಂಗಿಕವಾಗಿ ಹರಡದ ಬ್ಯಾಕ್ಟೀರಿಯಾಗಳಿಂದಲೂ ಪಿಐಡಿ ಬರುತ್ತದೆ. ಈ ಮಾತನ್ನು ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಿದೆ. ಹೇಳದಿದ್ದರೆ ಗುಳಿಗೆಯ ಚೀಟಿಯೇ ಮನೆಯಲ್ಲಿ ಜಗಳದ ಸಾಕ್ಷಿಯಾಗುತ್ತದೆ, ಮತ್ತು ಹೆಚ್ಚಿನ ಸಲ ಅದರ ಹೊರೆ ಹೆಂಗಸಿನ ಮೇಲೆಯೇ ಬೀಳುತ್ತದೆ.

ಆತ ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದ. ಅಜಿತ್ರೊಮೈಸಿನ್ 1 ಗ್ರಾಂ ಮತ್ತು ಸೆಫಿಕ್ಸಿಮ್ 400 ಮಿಲಿಗ್ರಾಂ ಅನ್ನು ನಮ್ಮೆದುರೇ ಒಂದೇ ಬಾರಿಗೆ ನುಂಗಿದ. ಇಬ್ಬರ ಚಿಕಿತ್ಸೆಯೂ ಮುಗಿದು ಆಕೆಯ ನೋವು ಪೂರ್ತಿ ಹೋಗುವ ತನಕ ಸಂಪರ್ಕ ಬೇಡ, ಆಮೇಲೆ ಸದ್ಯಕ್ಕೆ ಕಾಂಡೋಮ್ ಬಳಸಬೇಕೆಂದು ತಿಳಿಸಿದೆವು.

ಆರು ವಾರಗಳ ಬಳಿಕ ಮಾಡಿದ ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಇರಲಿಲ್ಲ. ದಂಪತಿಗೆ ಇನ್ನೊಂದು ಮಗು ಬೇಕೆಂಬ ಆಸೆಯಿದೆ. ಸ್ವೀಡನ್ನಿನಲ್ಲಿ ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ವೆಸ್ಟ್ರಾಮ್ ಅವರ ಅಧ್ಯಯನದಲ್ಲಿ, ಒಂದು ಬಾರಿ ಪಿಐಡಿಯಾದವರಲ್ಲಿ ನಾಳದ ಹಾನಿಯಿಂದ ಬಂಜೆತನ ಬಂದದ್ದು ಶೇ. 8ರಷ್ಟು ಮಂದಿಗೆ, ಎರಡು ಬಾರಿಯಾದವರಲ್ಲಿ ಅದು ಸುಮಾರು ಶೇ. 20, ಮೂರು ಮತ್ತು ಅದಕ್ಕಿಂತ ಹೆಚ್ಚು ಬಾರಿಯಾದವರಲ್ಲಿ ಶೇ. 40. ಕೀವು ಕಟ್ಟುವಷ್ಟು ರೋಗ ಬಲಿತಿದ್ದ ಈಕೆಯ ಅಪಾಯ ಮೊದಲ ಅಂಕಿಗಿಂತ ಹೆಚ್ಚೇ ಇರಬಹುದು, ಆದರೆ ಬಲಗಡೆಯ ನಾಳ ಚೆನ್ನಾಗಿ ಉಳಿದಿರುವ ಸಾಧ್ಯತೆಯೂ ಇದೆ ಎಂದು ಆಕೆಗೆ ಹೇಳಿದೆ. ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಟ್ಟದ್ದು ಎರಡು ಸಾಲು. ಮತ್ತೆ ಜ್ವರದೊಂದಿಗೆ ಕಿಬ್ಬೊಟ್ಟೆ ನೋವು ಬಂದರೆ, ಸ್ಕ್ಯಾನಿಂಗ್ ಏನೇ ಹೇಳಲಿ, ಅದೇ ದಿನ ಒಳಪರೀಕ್ಷೆ ಮಾಡಿಸಿಕೊಳ್ಳಬೇಕು. ಮುಂದೆ ಮುಟ್ಟು ಒಂದು ವಾರ ತಪ್ಪಿದರೂ ಕೂಡಲೇ ಗರ್ಭಪರೀಕ್ಷೆ ಮಾಡಿಕೊಂಡು, ಪಾಸಿಟಿವ್ ಬಂದರೆ ಗರ್ಭವು ಗರ್ಭಕೋಶದಲ್ಲೇ ನಿಂತಿದೆಯೇ ಎಂದು ನೋಡಲು ಬೇಗನೆ ಆಸ್ಪತ್ರೆಗೆ ಬರಬೇಕು.